ನೆಟ್ ಇಲ್ಲದಾಗ ಯಾವ ಮೆಸೇಜ್ ಹೋಗುತ್ತದೆ, ಯಾವುದು ಫೋನಿನಲ್ಲೇ ಉಳಿಯುತ್ತದೆ?

ಫೋನಿನ ಮೇಲೆ ಸಿಗ್ನಲ್ ಕಡ್ಡಿ ನಾಲ್ಕೂ ತುಂಬಿವೆ, ಆದರೆ ವಾಟ್ಸಾಪ್ ಮೆಸೇಜ್ ಹೋಗುತ್ತಿಲ್ಲ. ಇನ್ನೊಂದು ಸಲ ಒಂದು ಕಡ್ಡಿಯೂ ಇಲ್ಲ, ಆದರೂ ವಾಟ್ಸಾಪ್ ಆರಾಮಾಗಿ ಓಡುತ್ತಿದೆ. ಇವೆರಡನ್ನೂ ನೀವು ನೋಡಿರುತ್ತೀರಿ. ಒಂದಕ್ಕೊಂದು ತಾಳೆಯಾಗದ ಹಾಗೆ ಕಂಡರೂ ಎರಡಕ್ಕೂ ಕಾರಣ ಒಂದೇ. ಫೋನಿಗೆ ಹೊರಗಿನ ಜೊತೆ ಎರಡು ಬೇರೆ ಬೇರೆ ಸಂಪರ್ಕ ಇರುತ್ತವೆ. ಒಂದು, ನಿಮ್ಮ ಸಿಮ್ ಕಂಪನಿಯ ಟವರ್ ಜೊತೆಗಿನದು. ಇನ್ನೊಂದು, ಇಂಟರ್ನೆಟ್ ಜೊತೆಗಿನದು. ಮಾಮೂಲಿ ಎಸ್ಸೆಮ್ಮೆಸ್‌ಗೆ ಮೊದಲನೆಯದು ಸಾಕು. ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್ ಥರದ ಆ್ಯಪ್‌ಗಳಿಗೆ ಎರಡನೆಯದೇ ಬೇಕು, ಅದು ಟವರ್‌ನಿಂದ ಬರಲಿ, ವೈಫೈನಿಂದ ಬರಲಿ, ಅವಕ್ಕೆ ವ್ಯತ್ಯಾಸ ಇಲ್ಲ.

ಇಷ್ಟು ಹೇಳಿದರೆ ವಿಷಯ ಮುಗಿದ ಹಾಗೆ ಕಾಣುತ್ತದೆ. ಆದರೆ ಅವಸರಕ್ಕೆ ಮೆಸೇಜ್ ಕಳಿಸುವಾಗ ಜನ ಎಡವುವುದು ಇದರ ಒಳಗಿನ ಸಣ್ಣ ವಿಷಯಗಳಲ್ಲಿ. ಹಾಗಾಗಿ ಒಂದೇ ಒಂದು ಮೆಸೇಜ್ ತೆಗೆದುಕೊಂಡು ಅದು ಎರಡೂ ದಾರಿಯಲ್ಲಿ ಹೇಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನೋಡೋಣ.

ಅಕ್ಕ ರಾತ್ರಿ ರೈಲಿನಲ್ಲಿ ಬರುತ್ತಿದ್ದಾಳೆ ಅಂದುಕೊಳ್ಳಿ. ತಮ್ಮ ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗಬೇಕು. ಗಾಡಿ ಗುಡ್ಡಗಳ ನಡುವೆ ನಿಂತುಬಿಟ್ಟಿದೆ. ಅವಳ ಫೋನಿನಲ್ಲಿ ಎರಡು ಕಡ್ಡಿ ಇವೆ, ಆದರೆ ಪಕ್ಕದಲ್ಲಿ ಇರಬೇಕಾದ 4ಜಿ ಗುರುತು ಮಾಯವಾಗಿದೆ. ಅವಳು ಬರೆಯುವ ಮೆಸೇಜ್ ಇದು: "ಗಾಡಿ ಎರಡು ಗಂಟೆ ಲೇಟು. ಈಗ್ಲೇ ಹೊರಡಬೇಡ."

ಮೊದಲು ವಾಟ್ಸಾಪ್‌ನಲ್ಲಿ ಕಳಿಸುತ್ತಾಳೆ. ಮೆಸೇಜಿನ ಪಕ್ಕ ಪುಟ್ಟ ಗಡಿಯಾರದ ಗುರುತು ಬರುತ್ತದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಗಡಿಯಾರ ಇದೆ ಅಂದರೆ ಮೆಸೇಜ್ ಇನ್ನೂ ನಿಮ್ಮ ಫೋನಿನಲ್ಲೇ ಇದೆ, ಒಂದು ಹೆಜ್ಜೆಯೂ ಆಚೆ ಹೋಗಿಲ್ಲ. ಪರದೆಯ ಮೇಲೆ ಹಸಿರು ಗುಳ್ಳೆಯಲ್ಲಿ ಕೂತಿರುವುದರಿಂದ ಕಳಿಸಿದ ಹಾಗೇ ಕಾಣುತ್ತದೆ, ಅಷ್ಟೇ. ಅಕ್ಕ ಅದನ್ನು ನೋಡಿ ಫೋನ್ ಬ್ಯಾಗಿಗೆ ಹಾಕಿದರೆ, ಗಾಡಿ ಹೊರಟು ನೆಟ್ ಸಿಗುವ ಜಾಗಕ್ಕೆ ಬಂದಾಗ ಆ್ಯಪ್ ತಾನಾಗಿಯೇ ಮೆಸೇಜನ್ನು ಕಳಿಸುತ್ತದೆ. ಅದು ಹತ್ತು ನಿಮಿಷದ ನಂತರ ಆಗಬಹುದು, ಒಂದೂವರೆ ಗಂಟೆಯ ನಂತರವೂ ಆಗಬಹುದು. ಅಷ್ಟರಲ್ಲಿ ತಮ್ಮ ಸ್ಟೇಷನ್ನಿನಲ್ಲಿ ಕಾಯುತ್ತಾ ನಿಂತಿರುತ್ತಾನೆ.

ನೆಟ್ ಇದ್ದಿದ್ದರೆ ಏನಾಗುತ್ತಿತ್ತು? ಅಕ್ಕನ ಫೋನ್ ಮೆಸೇಜಿಗೆ ಬೀಗ ಹಾಕಿ, ಅಂದರೆ ತಮ್ಮನ ಫೋನ್ ಮಾತ್ರ ಬಿಡಿಸಬಲ್ಲ ಹಾಗೆ ಗೂಢಲಿಪಿಗೆ ಬದಲಾಯಿಸಿ, ಇಂಟರ್ನೆಟ್ ಮೂಲಕ ವಾಟ್ಸಾಪ್ ಕಂಪನಿಯ ಸರ್ವರಿಗೆ ಕಳಿಸುತ್ತಿತ್ತು. ಸರ್ವರ್ ಅದನ್ನು ತೆಗೆದುಕೊಂಡ ಕೂಡಲೇ ಅಕ್ಕನಿಗೆ ಒಂದು ಟಿಕ್ ಕಾಣುತ್ತದೆ. ಸರ್ವರ್ ಅದನ್ನು ತಮ್ಮನ ಫೋನಿಗೆ ತಲುಪಿಸಿದ ಮೇಲೆ ಎರಡು ಟಿಕ್. ಇಲ್ಲಿ ಸಿಮ್ ಕಂಪನಿಯ ಕೆಲಸ ಬರೀ ದಾರಿ ಕೊಡುವುದು. ಅದಕ್ಕೆ ಇದು ಮೆಸೇಜೋ, ವಿಡಿಯೋನೋ, ವೆಬ್ ಪುಟವೋ ಅನ್ನುವುದು ಬೇಕಾಗಿಯೇ ಇಲ್ಲ. ಆ್ಯಪ್ ಫೋನ್ ನಂಬರ್ ಕೇಳುತ್ತದಲ್ವಾ, ಹಾಗಾದರೆ ಸಿಮ್‌ಗೆ ಸಂಬಂಧ ಇಲ್ವಾ ಅಂತ ಕೇಳಬಹುದು. ನಂಬರ್ ಇಲ್ಲಿ ನಿಮ್ಮ ಗುರುತು ಮಾತ್ರ. ಶುರುವಿನಲ್ಲಿ ಒಟಿಪಿ ಬಂದು ಖಾತೆ ತೆರೆದ ಮೇಲೆ ಮೆಸೇಜ್ ಹೋಗುವುದು, ಬರುವುದು ಎಲ್ಲ ಇಂಟರ್ನೆಟ್ ದಾರಿಯಲ್ಲೇ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆ್ಯಪ್ ಮೆಸೇಜಿಗೆ ಕಳಿಸುವವರ ಕಡೆ ಇಂಟರ್ನೆಟ್ ಇದ್ದರೆ ಸಾಲದು, ಪಡೆಯುವವರ ಕಡೆಯೂ ಇರಬೇಕು. ತಮ್ಮ ಬ್ಯಾಟರಿ ಉಳಿಸಲು ಮೊಬೈಲ್ ಡೇಟಾ ಆಫ್ ಮಾಡಿಕೊಂಡಿದ್ದಾನೆ ಅಂದುಕೊಳ್ಳಿ. ಅಕ್ಕನಿಗೆ ಹೇಗೋ ನೆಟ್ ಸಿಕ್ಕಿ ಮೆಸೇಜ್ ಸರ್ವರ್ ಮುಟ್ಟಿತು ಅಂದರೂ ಅಲ್ಲಿಂದ ಮುಂದೆ ಹೋಗುವುದಿಲ್ಲ. ಒಂದೇ ಟಿಕ್‌ನಲ್ಲಿ ನಿಂತಿರುತ್ತದೆ. ವಾಟ್ಸಾಪ್ ಹಾಗೆ ತಲುಪದ ಮೆಸೇಜನ್ನು 30 ದಿನ ತನ್ನ ಸರ್ವರಿನಲ್ಲಿ ಇಟ್ಟುಕೊಂಡು, ಆಮೇಲೆ ಅಳಿಸಿಬಿಡುತ್ತದೆ. ಅಂದರೆ ಗಡಿಯಾರ ಕಂಡರೆ ತೊಂದರೆ ನಿಮ್ಮ ಕಡೆ, ಒಂದೇ ಟಿಕ್ ಬಹಳ ಹೊತ್ತು ಇದ್ದರೆ ತೊಂದರೆ ಹೆಚ್ಚಾಗಿ ಆ ಕಡೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ, ಮತ್ತೆ ಮತ್ತೆ ಅದೇ ಮೆಸೇಜ್ ಕಳಿಸುತ್ತಾ ಕೂರುವ ಬದಲು ಏನು ಮಾಡಬೇಕು ಅಂತ ತಕ್ಷಣ ಗೊತ್ತಾಗುತ್ತದೆ. ಗಡಿಯಾರ ಇದ್ದರೆ ನೀವು ಜಾಗ ಬದಲಿಸಬೇಕು ಇಲ್ಲವೇ ಎಸ್ಸೆಮ್ಮೆಸ್‌ಗೆ ಹೋಗಬೇಕು. ಒಂದೇ ಟಿಕ್ ಇದ್ದರೆ ನೀವು ಎಲ್ಲಿಗೆ ಹೋದರೂ ಪ್ರಯೋಜನ ಇಲ್ಲ, ಕರೆ ಮಾಡಿ ಅಥವಾ ಎಸ್ಸೆಮ್ಮೆಸ್ ಕಳಿಸಿ.

ಎಸ್ಸೆಮ್ಮೆಸ್ ಹೋಗುವ ದಾರಿ

ಅಕ್ಕ ಈಗ ಫೋನಿನ ಮಾಮೂಲಿ ಮೆಸೇಜ್ ಆ್ಯಪ್ ತೆರೆದು ಅದೇ ಸಾಲನ್ನು ಎಸ್ಸೆಮ್ಮೆಸ್ ಆಗಿ ಕಳಿಸುತ್ತಾಳೆ.

ಫೋನ್ ಆನ್ ಇದ್ದಷ್ಟು ಹೊತ್ತೂ ಟವರ್ ಜೊತೆ ಅದರ ಮಾತುಕತೆ ನಡೆದೇ ಇರುತ್ತದೆ. ನೀವು ಏನೂ ಮಾಡದೆ ಸುಮ್ನೆ ಇಟ್ಟಿದ್ದರೂ ಅಷ್ಟೇ. ನಾನು ಈ ಪ್ರದೇಶದಲ್ಲಿದ್ದೇನೆ ಅಂತ ಫೋನ್ ತಿಳಿಸುತ್ತಿರುತ್ತದೆ, ನಿನಗೊಂದು ಕರೆ ಬಂದಿದೆ ಅಂತ ಟವರ್ ಕೂಗುತ್ತದೆ. ಈ ಸಣ್ಣಪುಟ್ಟ ಸಂಕೇತಗಳಿಗೆ ಅಂತಲೇ ಬೇರೆ ದಾರಿ ಇದೆ, ಅದರಲ್ಲಿ ಕರೆಯ ದನಿ ಹೋಗುವುದಿಲ್ಲ, ಇಂಟರ್ನೆಟ್ಟೂ ಹೋಗುವುದಿಲ್ಲ. 1980ರ ದಶಕದಲ್ಲಿ ಜಿಎಸ್‌ಎಂ ಎಂಬ ಮೊಬೈಲ್ ಜಾಲದ ವ್ಯವಸ್ಥೆಯನ್ನು ರೂಪಿಸಿದವರು ಇದೇ ದಾರಿಯಲ್ಲಿ ಪುಟ್ಟ ಬರಹವನ್ನೂ ಕಳಿಸಬಹುದಲ್ವಾ ಅಂತ ಯೋಚಿಸಿದರು. ಎಸ್ಸೆಮ್ಮೆಸ್ ಹುಟ್ಟಿದ್ದು ಹಾಗೆ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ಕಂಪ್ಯೂಟರಿನಿಂದ ಒಂದು ಮೊಬೈಲಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದ್ದೇ ಮೊದಲ ಎಸ್ಸೆಮ್ಮೆಸ್. ಆಗ ಮೊಬೈಲಿನಲ್ಲಿ ಇಂಟರ್ನೆಟ್ ಅನ್ನುವುದೇ ಇರಲಿಲ್ಲ. ಎಸ್ಸೆಮ್ಮೆಸ್ ಇವತ್ತಿಗೂ ಇಂಟರ್ನೆಟ್ ಕೇಳದೇ ಇರುವುದಕ್ಕೆ ಇದೇ ಕಾರಣ.

ಅಕ್ಕನ ಮೆಸೇಜ್ ಟವರ್ ಮೂಲಕ ಹೋಗಿ ಅವಳ ಸಿಮ್ ಕಂಪನಿಯ ಮೆಸೇಜ್ ಸೆಂಟರ್ ಮುಟ್ಟುತ್ತದೆ. ಆ ಸೆಂಟರಿನ ನಂಬರ್ ಸಿಮ್ ಒಳಗೇ ಬರೆದಿರುತ್ತದೆ. ಸೆಂಟರ್ ಮೆಸೇಜನ್ನು ತೆಗೆದುಕೊಂಡು ಇಟ್ಟುಕೊಳ್ಳುತ್ತದೆ, ಆಗ ಅಕ್ಕನ ಪರದೆಯ ಮೇಲೆ ಮೆಸೇಜ್ ಹೋಯಿತು ಅಂತ ತೋರಿಸುತ್ತದೆ. ಆಮೇಲೆ ಸೆಂಟರ್, ತಮ್ಮನ ಕಂಪನಿ ಇಟ್ಟುಕೊಂಡಿರುವ ದಾಖಲೆಯಲ್ಲಿ ಅವನ ನಂಬರ್ ಈಗ ಯಾವ ಭಾಗದಲ್ಲಿದೆ ಅಂತ ವಿಚಾರಿಸುತ್ತದೆ. ಉತ್ತರ ಬಂದ ಮೇಲೆ ಆ ಕಡೆಗೆ ಮೆಸೇಜ್ ದಾಟಿಸುತ್ತದೆ. ಅಲ್ಲಿನ ಟವರ್‌ಗಳು ತಮ್ಮನ ಫೋನನ್ನು ಕೂಗುತ್ತವೆ, ಫೋನ್ ಓಗೊಡುತ್ತದೆ, ಮೆಸೇಜ್ ಇಳಿಯುತ್ತದೆ, ಸಿಕ್ಕಿತು ಅಂತ ಫೋನ್ ತಿರುಗಿ ಹೇಳುತ್ತದೆ. ತಮ್ಮನ ಮೊಬೈಲ್ ಡೇಟಾ ಆಫ್ ಇತ್ತಲ್ಲ, ಅದರಿಂದ ಇಲ್ಲಿ ಏನೂ ಆಗುವುದಿಲ್ಲ. ಅವನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಫೋನ್ ಸದ್ದು ಮಾಡುತ್ತದೆ.

ತಮ್ಮನ ಫೋನ್ ಪೂರ್ತಿ ಆಫ್ ಆಗಿದ್ದರೆ? ಸೆಂಟರ್ ಮೆಸೇಜನ್ನು ಬಿಸಾಡುವುದಿಲ್ಲ. ಈ ನಂಬರಿಗೆ ಒಂದು ಮೆಸೇಜ್ ಬಾಕಿ ಇದೆ ಅಂತ ಅವನ ಕಂಪನಿಯ ದಾಖಲೆಯಲ್ಲಿ ಗುರುತು ಬೀಳುತ್ತದೆ. ಫೋನ್ ಆನ್ ಆಗಿ ಟವರಿಗೆ ಹೆಸರು ಕೊಟ್ಟ ಕೂಡಲೇ ಸೆಂಟರಿಗೆ ಸುದ್ದಿ ಹೋಗಿ ಮೆಸೇಜ್ ಬರುತ್ತದೆ. ವಿಮಾನ ಇಳಿದು ಫೋನ್ ಆನ್ ಮಾಡಿದಾಗ ನಾಲ್ಕೈದು ಎಸ್ಸೆಮ್ಮೆಸ್ ಒಟ್ಟಿಗೇ ಬರುವುದು ಇದರಿಂದಲೇ. ಆದರೆ ಸೆಂಟರ್ ಎಷ್ಟು ದಿನ ಕಾಯುತ್ತದೆ ಅನ್ನುವುದು ಕಂಪನಿಗೆ ಬಿಟ್ಟದ್ದು, ಸಾಮಾನ್ಯವಾಗಿ ಕೆಲವು ದಿನ. ಆ ಅವಧಿ ಮುಗಿದರೆ ಮೆಸೇಜ್ ಸದ್ದಿಲ್ಲದೆ ಹೋಗಿಬಿಡುತ್ತದೆ.

ಒಂದು ಎಚ್ಚರ ಇಲ್ಲಿ ಬೇಕು. ಎಸ್ಸೆಮ್ಮೆಸ್ ಹೋಯಿತು ಅಂತ ತೋರಿಸಿದರೆ ಅದು ಮೆಸೇಜ್ ಸೆಂಟರ್ ಮುಟ್ಟಿತು ಅಂತ ಮಾತ್ರ, ತಮ್ಮನಿಗೆ ಸಿಕ್ಕಿತು ಅಂತ ಅಲ್ಲ. ವಾಟ್ಸಾಪ್‌ನ ಒಂದು ಟಿಕ್‌ಗೆ ಸಮ ಅದು. ಸಿಕ್ಕಿದ್ದು ಗೊತ್ತಾಗಬೇಕಾದರೆ ಮೆಸೇಜ್ ಆ್ಯಪ್ ಸೆಟ್ಟಿಂಗಿನಲ್ಲಿ ಡೆಲಿವರಿ ರಿಪೋರ್ಟ್ ಆನ್ ಮಾಡಿಕೊಳ್ಳಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಓದಿದರೋ ಇಲ್ಲವೋ ಅನ್ನುವುದನ್ನು ಮಾತ್ರ ಎಸ್ಸೆಮ್ಮೆಸ್ ಯಾವತ್ತೂ ಹೇಳುವುದಿಲ್ಲ.

ಈಗಿನ 4ಜಿ, 5ಜಿ ಕಾಲದಲ್ಲೂ ಇದು ನಿಜಾನಾ ಅಂತ ಕೇಳುವವರಿದ್ದಾರೆ, ಸರಿಯಾದ ಪ್ರಶ್ನೆ. 4ಜಿಯಲ್ಲಿ ಕರೆಯೂ ಡೇಟಾ ರೂಪದಲ್ಲೇ ಹೋಗುತ್ತದೆ, ಎಸ್ಸೆಮ್ಮೆಸ್ ಕೂಡ ಎಷ್ಟೋ ಕಡೆ ಹಾಗೇ ಹೋಗುತ್ತದೆ. ಆದರೆ ಅದು ಕಂಪನಿಯ ಒಳಗಿನ, ಕರೆಗಳಿಗೆಂದೇ ಮಾಡಿದ ಜಾಲ. ಹೊರಗಿನ ಇಂಟರ್ನೆಟ್ಟಿಗೆ ಅದು ಹೋಗುವುದಿಲ್ಲ. ನೀವು ಮೊಬೈಲ್ ಡೇಟಾ ಗುಂಡಿ ಆಫ್ ಮಾಡಿದರೆ ಮುಚ್ಚುವುದು ಇಂಟರ್ನೆಟ್ ದಾರಿ ಮಾತ್ರ, ಈ ಒಳದಾರಿ ತೆರೆದೇ ಇರುತ್ತದೆ. ದಿನದ ಡೇಟಾ ಮುಗಿದುಹೋದ ಮೇಲೂ ಎಸ್ಸೆಮ್ಮೆಸ್ ಬರುವುದು, ಹೋಗುವುದು ನಡೆಯುತ್ತದೆ. ಬೇರೆ ದೇಶಕ್ಕೆ ಹೋದಾಗ ಡೇಟಾ ರೋಮಿಂಗ್ ಆಫ್ ಇಟ್ಟಿದ್ದರೂ, ಮಾಮೂಲಿ ರೋಮಿಂಗ್ ಚಾಲೂ ಇದ್ದರೆ, ಬ್ಯಾಂಕಿನ ಒಟಿಪಿ ಬರುವುದು ಇದೇ ಕಾರಣಕ್ಕೆ.

ಆದರೆ ಇಂಟರ್ನೆಟ್ ಬೇಡ ಅಂದ ಮಾತ್ರಕ್ಕೆ ಎಲ್ಲವೂ ಪುಕ್ಕಟೆ ಅಲ್ಲ. ರೀಚಾರ್ಜ್ ಅವಧಿ ಮುಗಿದಿದ್ದರೆ, ಅಥವಾ ನಿಮ್ಮ ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಇಲ್ಲದೆ ಬ್ಯಾಲೆನ್ಸೂ ಇಲ್ಲದಿದ್ದರೆ ಸೆಂಟರ್ ಮೆಸೇಜ್ ತೆಗೆದುಕೊಳ್ಳುವುದಿಲ್ಲ. ಕಡ್ಡಿ ತುಂಬ ಇದ್ದೂ ಎಸ್ಸೆಮ್ಮೆಸ್ ಮಾತ್ರ ಪದೇ ಪದೇ ಫೇಲ್ ಆಗುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಕನ್ನಡದ ಎಸ್ಸೆಮ್ಮೆಸ್ ಯಾಕೆ ಬೇಗ ತುಂಬುತ್ತದೆ

ಸಂಕೇತದ ದಾರಿ ಇಕ್ಕಟ್ಟಾದದ್ದು. ಹಾಗಾಗಿ ಒಂದು ಎಸ್ಸೆಮ್ಮೆಸ್‌ನಲ್ಲಿ ಬರಹಕ್ಕೆ ಸಿಗುವುದು 140 ಬೈಟ್, ಅಂದರೆ 1120 ಬಿಟ್ ಜಾಗ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಆದ್ದರಿಂದ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ ಸಾಮಾನ್ಯವಾಗಿ ಒಂದೊಂದಕ್ಕೂ 16 ಬಿಟ್ ಬೇಕು. ಹಾಗಾಗಿ 70 ಮಾತ್ರ.

ಆ 70ರಲ್ಲೂ ಒಂದು ಸೂಕ್ಷ್ಮ ಇದೆ. ಫೋನ್ ಎಣಿಸುವುದು ನಮ್ಮ ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ. ಮೂಲ ಅಕ್ಷರ ಒಂದು, ಅದರ ಗುಣಿತದ ಗುರುತು ಇನ್ನೊಂದು, ಒತ್ತಕ್ಷರ ಬಂದರೆ ನಡುವಿನ ಅರ್ಧಾಕ್ಷರದ ಗುರುತು ಮತ್ತೊಂದು. "ಸ್ಟೇಷನ್" ಅಂತ ಬರೆದರೆ ನಮಗೆ ಕಾಣುವುದು ಮೂರು ಅಕ್ಷರ, ಫೋನಿಗೆ ಅದು ಏಳು. ಅಕ್ಕನ ಮೆಸೇಜನ್ನೇ ಎಣಿಸಿ ನೋಡಿ. "ಗಾಡಿ ಎರಡು ಗಂಟೆ ಲೇಟು. ಈಗ್ಲೇ ಹೊರಡಬೇಡ." ಕಣ್ಣಿಗೆ 16 ಅಕ್ಷರ, ಐದು ಖಾಲಿ ಜಾಗ, ಎರಡು ಚುಕ್ಕಿ, ಒಟ್ಟು 23. ಫೋನಿನ ಲೆಕ್ಕದಲ್ಲಿ 35. ಒಂದು ಎಸ್ಸೆಮ್ಮೆಸ್‌ನ ಸರಿಯಾಗಿ ಅರ್ಧ.

70 ದಾಟಿದರೆ ಫೋನ್ ಅದನ್ನು ತುಂಡು ಮಾಡುತ್ತದೆ. ತುಂಡುಗಳನ್ನು ಆ ಕಡೆ ಜೋಡಿಸಲು ಪ್ರತಿಯೊಂದಕ್ಕೂ ಇದು ಎಷ್ಟನೆಯದು ಅಂತ ಗುರುತು ಹಾಕಬೇಕಲ್ಲ, ಅದಕ್ಕೂ ಜಾಗ ಹೋಗಿ ತುಂಡಿಗೆ 67 ಮಾತ್ರ ಉಳಿಯುತ್ತದೆ. ಓದುವವರಿಗೆ ಒಂದೇ ಮೆಸೇಜ್ ಕಂಡರೂ ಹೋಗುವಾಗ ಅದು ಎರಡೋ ಮೂರೋ ಬೇರೆ ಬೇರೆ ಎಸ್ಸೆಮ್ಮೆಸ್, ಲೆಕ್ಕ ಬೀಳುವುದೂ ಹಾಗೆಯೇ. ಸಿಗ್ನಲ್ ಚೆನ್ನಾಗಿದ್ದಾಗ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಿಗ್ನಲ್ ಬಂದು ಹೋಗುತ್ತಿರುವ ಜಾಗದಲ್ಲಿ ಮಾತ್ರ ಇದು ನಿಜಕ್ಕೂ ಮುಖ್ಯ. ಮೂರು ತುಂಡಿನಲ್ಲಿ ಎರಡು ಹೋಗಿ ಒಂದು ಸಿಕ್ಕಿಕೊಂಡರೆ ಆ ಕಡೆಯವರಿಗೆ ಅರ್ಧ ಮೆಸೇಜ್ ಬರಬಹುದು, ಇಲ್ಲವೇ ಎಲ್ಲ ತುಂಡು ಸೇರುವ ತನಕ ಅವರ ಫೋನ್ ಏನೂ ತೋರಿಸದೆ ಇರಬಹುದು. ಹಾಗಾಗಿ ಇಂಥ ಕಡೆ ಕನ್ನಡದಲ್ಲಿ ಬರೆಯುವುದಾದರೆ ಒಂದು ಸಾಲಿಗೆ ನಿಲ್ಲಿಸಿ. ಎಲ್ಲಿದ್ದೀರಿ, ಏನಾಗಿದೆ, ಅವರು ಏನು ಮಾಡಬೇಕು, ಇಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಿಗೂ ಒಂದು ಮಾತು: ಕೊನೆಯಲ್ಲಿ ಒಂದೇ ಒಂದು ಎಮೋಜಿ ಹಾಕಿದರೂ ಇಡೀ ಮೆಸೇಜ್ 16 ಬಿಟ್ ಲೆಕ್ಕಕ್ಕೆ ಬದಲಾಗಿ, 160ರ ಬದಲು 70ರ ಮಿತಿ ಬರುತ್ತದೆ.

ನೋಡಲು ಎಸ್ಸೆಮ್ಮೆಸ್, ಒಳಗೆ ಇಂಟರ್ನೆಟ್

ನನ್ನ ಪ್ರಕಾರ ಈಗ ಜನರಿಗೆ ಜಾಸ್ತಿ ತೊಂದರೆ ಕೊಡುತ್ತಿರುವುದು ಇದು. ಮೊದಲೆಲ್ಲ ಮೆಸೇಜ್ ಆ್ಯಪ್ ಬೇರೆ, ಚಾಟ್ ಆ್ಯಪ್ ಬೇರೆ ಇತ್ತು, ಗೊಂದಲ ಇರಲಿಲ್ಲ. ಈಗ ಫೋನಿನ ಮಾಮೂಲಿ ಮೆಸೇಜ್ ಆ್ಯಪ್ ಎರಡೂ ಕೆಲಸ ಮಾಡುತ್ತದೆ, ಯಾವಾಗ ಯಾವುದು ಅಂತ ಜೋರಾಗಿ ಹೇಳುವುದೂ ಇಲ್ಲ.

ಐಫೋನಿನಿಂದ ಐಫೋನಿಗೆ ಕಳಿಸಿದರೆ ಅದು ಹೆಚ್ಚಾಗಿ ಐಮೆಸೇಜ್, ನೀಲಿ ಗುಳ್ಳೆಯಲ್ಲಿ ಬರುತ್ತದೆ. ಅದು ವಾಟ್ಸಾಪ್ ಥರವೇ ಇಂಟರ್ನೆಟ್ ಬೇಡುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಮೆಸೇಜಸ್ ಆ್ಯಪ್ ಇದ್ದು ಎರಡೂ ಕಡೆ ಆರ್‌ಸಿಎಸ್, ಅಂದರೆ ಎಸ್ಸೆಮ್ಮೆಸ್ ಜಾಗಕ್ಕೆ ಬಂದ ಹೊಸ ಚಾಟ್ ವ್ಯವಸ್ಥೆ, ಆನ್ ಆಗಿದ್ದರೆ ಮೆಸೇಜ್ ಆರ್‌ಸಿಎಸ್ ಆಗಿ ಹೋಗುತ್ತದೆ. ಅದಕ್ಕೂ ಇಂಟರ್ನೆಟ್ ಬೇಕು. 2024ರಲ್ಲಿ ಬಂದ ಐಒಎಸ್ 18ರಿಂದ ಐಫೋನುಗಳಲ್ಲೂ ಆರ್‌ಸಿಎಸ್ ಇದೆ, ಸಿಮ್ ಕಂಪನಿ ಬೆಂಬಲಿಸಿದರೆ. ಹಾಗಾಗಿ ಹಸಿರು ಗುಳ್ಳೆ ಅಂದರೆ ಎಸ್ಸೆಮ್ಮೆಸ್ಸೇ ಅಂತ ಈಗ ಹೇಳಲು ಬರುವುದಿಲ್ಲ.

ಗುರುತಿಸುವುದು ಕಷ್ಟ ಅಲ್ಲ. ಬರೆಯುವ ಮೊದಲು ಖಾಲಿ ಪೆಟ್ಟಿಗೆಯಲ್ಲಿ ಮಂಕಾಗಿ ಒಂದು ಪದ ಕಾಣುತ್ತದೆ, ಅದನ್ನು ಓದಿ. ಆಂಡ್ರಾಯ್ಡ್‌ನಲ್ಲಿ `RCS` ಅಂತ ಇದ್ದರೆ ಇಂಟರ್ನೆಟ್ ದಾರಿ, ಬರೀ `Text message` ಅಂತ ಇದ್ದರೆ ಟವರ್ ದಾರಿ. ಐಫೋನಿನಲ್ಲಿ `iMessage` ಅಂತ ಇದ್ದರೆ ಇಂಟರ್ನೆಟ್. ಕಳಿಸಿಯಾದ ಮೇಲೆ ಗೊತ್ತಾಗಬೇಕಾದರೆ ಆಂಡ್ರಾಯ್ಡ್‌ನಲ್ಲಿ ಮೆಸೇಜನ್ನು ಒತ್ತಿಹಿಡಿದು ವಿವರ ತೆರೆದರೆ ಅದು ಯಾವ ಬಗೆಯದು ಅಂತ ಬರೆದಿರುತ್ತದೆ.

ನೆಟ್ ಇಲ್ಲದಾಗ ಇಂಥ ಮೆಸೇಜನ್ನು ಫೋನ್ ಎಸ್ಸೆಮ್ಮೆಸ್ ಆಗಿ ಬದಲಿಸಿ ಕಳಿಸಬಲ್ಲದು, ಆದರೆ ಸೆಟ್ಟಿಂಗ್ ಹಾಗೆ ಇರಬೇಕು. ಐಫೋನಿನ ಮೆಸೇಜ್ ಸೆಟ್ಟಿಂಗಿನಲ್ಲಿ `Send as Text Message` ಅಂತ ಒಂದು ಗುಂಡಿ ಇದೆ, ಅದನ್ನು ಆನ್ ಇಡಿ. ಗೂಗಲ್ ಮೆಸೇಜಸ್‌ನಲ್ಲಿ ಆರ್‌ಸಿಎಸ್ ಸೆಟ್ಟಿಂಗಿನೊಳಗೆ ಇಂಥದ್ದೇ ಒಂದು ಆಯ್ಕೆ ಇರುತ್ತದೆ. ಆನ್ ಇದ್ದರೂ ಫೋನ್ ಸ್ವಲ್ಪ ಹೊತ್ತು ಇಂಟರ್ನೆಟ್ಟಿನಲ್ಲೇ ಪ್ರಯತ್ನಿಸಿ ಆಮೇಲೆ ಬದಲಾಯಿಸುತ್ತದೆ. ಅವಸರ ಇದ್ದರೆ ಕಾಯಬೇಡಿ. ಐಫೋನಿನಲ್ಲಿ ಹೋಗದ ಮೆಸೇಜನ್ನು ಒತ್ತಿಹಿಡಿದು ಕೈಯಾರೆ ಎಸ್ಸೆಮ್ಮೆಸ್ ಆಗಿ ಕಳಿಸಬಹುದು. ಎರಡೂ ಬಗೆಯ ಫೋನಿನಲ್ಲಿ ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ ಕಳಿಸಿದರೂ ಫೋನ್ ಬೇಗ ಎಸ್ಸೆಮ್ಮೆಸ್ ಕಡೆ ತಿರುಗುತ್ತದೆ.

ಫೋಟೋ ವಿಷಯ ಇನ್ನೂ ಒಂದು. ಎಸ್ಸೆಮ್ಮೆಸ್ ಬರೀ ಬರಹ ಮಾತ್ರ ಹೊರುತ್ತದೆ. ಮಾಮೂಲಿ ಮೆಸೇಜ್ ಆ್ಯಪ್‌ನಲ್ಲಿ ಫೋಟೋ ಸೇರಿಸಿದ ಕೂಡಲೇ ಅದು ಎಂಎಂಎಸ್ ಅನ್ನುವ, ಚಿತ್ರ ಹೊರುವ ಬೇರೆ ಬಗೆಯ ಮೆಸೇಜ್ ಆಗಿಬಿಡುತ್ತದೆ, ಐಮೆಸೇಜ್ ಅಥವಾ ಆರ್‌ಸಿಎಸ್ ಇಲ್ಲದಿದ್ದರೆ. ಎಂಎಂಎಸ್‌ಗೆ ಸಾಮಾನ್ಯವಾಗಿ ಮೊಬೈಲ್ ಡೇಟಾ ಆನ್ ಇರಬೇಕು. ಹಲವರನ್ನು ಸೇರಿಸಿ ಗುಂಪಿಗೆ ಕಳಿಸಿದರೂ ಕೆಲವು ಫೋನುಗಳು ಅದನ್ನು ಎಂಎಂಎಸ್ ಮಾಡುತ್ತವೆ. ಅಕ್ಕ ತನ್ನ ಸಾಲಿನ ಜೊತೆ ನಿಂತ ಗಾಡಿಯ ಒಂದು ಫೋಟೋ ಸೇರಿಸಿದ್ದರೆ ಬಹುಶಃ ಎರಡೂ ಹೋಗುತ್ತಿರಲಿಲ್ಲ.

ಮೇಲಿನ ಗುರುತುಗಳನ್ನು ಓದುವುದು

ಈಗ ಬೇರೆ ಬೇರೆ ಸಂದರ್ಭಗಳನ್ನು ಬೇಗ ನೋಡಬಹುದು, ಯಾಕೆಂದರೆ ಮೂಲ ಗೊತ್ತಾಯಿತು. ಕಡ್ಡಿಗಳು ಹೇಳುವುದು ಟವರ್ ಎಷ್ಟು ಚೆನ್ನಾಗಿ ಕೇಳುತ್ತಿದೆ ಅನ್ನುವುದನ್ನು ಮಾತ್ರ. ಪಕ್ಕದ 4ಜಿ, 5ಜಿ ಅಥವಾ ಬಾಣದ ಗುರುತು ಡೇಟಾ ದಾರಿಯದ್ದು. ಕಡ್ಡಿ ಇದ್ದು ಆ ಗುರುತೂ ವೈಫೈಯೂ ಇಲ್ಲದಿದ್ದರೆ ಎಸ್ಸೆಮ್ಮೆಸ್ ಹೋಗುತ್ತದೆ, ಆ್ಯಪ್ ಮೆಸೇಜ್ ಹೋಗುವುದಿಲ್ಲ. ಆದರೆ ಆ ಗುರುತು ಇದ್ದ ಮಾತ್ರಕ್ಕೆ ಇಂಟರ್ನೆಟ್ ಇದೆ ಅಂತಲೂ ಅಲ್ಲ. ಡೇಟಾ ಮುಗಿದಿರಬಹುದು, ಜಾತ್ರೆಯಷ್ಟು ಜನ ಒಂದೇ ಟವರಿಗೆ ಸೇರಿ ದಾರಿ ಕಟ್ಟಿರಬಹುದು. ಯಾವುದಾದರೂ ವೆಬ್ ಪುಟ ತೆರೆದು ನೋಡಿದರೆ ತಿಳಿಯುತ್ತದೆ.

ಜನಸಂದಣಿಯಲ್ಲಿ ಎಸ್ಸೆಮ್ಮೆಸ್‌ಗೆ ಒಂದು ಅನುಕೂಲ ಇದೆ. ಕರೆ ಮಾಡಿದರೆ ಮಾತು ಮುಗಿಯುವ ತನಕ ದಾರಿ ಹಿಡಿದಿಟ್ಟುಕೊಳ್ಳಬೇಕು, ಎಸ್ಸೆಮ್ಮೆಸ್‌ಗೆ ಒಂದು ಸಣ್ಣ ಸಂದು ಸಿಕ್ಕರೆ ಸಾಕು. ಆ ಕ್ಷಣಕ್ಕೆ ಸಿಗದಿದ್ದರೂ, ಒಂದು ಸಲ ಸೆಂಟರ್ ಮುಟ್ಟಿದ ಮೇಲೆ ಅದೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಭೂಕಂಪ, ಪ್ರವಾಹದಂಥ ಹೊತ್ತಿನಲ್ಲಿ ಕರೆ ಮಾಡಬೇಡಿ, ಮೆಸೇಜ್ ಕಳಿಸಿ ಅಂತ ಅಧಿಕಾರಿಗಳು ಹೇಳುವುದು ಇದಕ್ಕೇ. ಆದರೆ ಟವರಿಗೇ ಕರೆಂಟ್ ಹೋಗಿ, ಅದರ ಬ್ಯಾಟರಿಯೂ ಖಾಲಿಯಾದರೆ ಎಸ್ಸೆಮ್ಮೆಸ್ ಕೂಡ ಹೋಗುವುದಿಲ್ಲ. ಇಂಟರ್ನೆಟ್ ಮಾತ್ರ ಸ್ಥಗಿತ ಮಾಡಿದ ಕಡೆ ಎಸ್ಸೆಮ್ಮೆಸ್ ಸಾಮಾನ್ಯವಾಗಿ ನಡೆಯುತ್ತದೆ, ಅದನ್ನೂ ಸೇರಿಸಿ ನಿಲ್ಲಿಸಿದ್ದರೆ ಬೇರೆ ಮಾತು.

`Emergency calls only` ಅಂತ ಬಂದರೆ ಹಲವರು ಸ್ವಲ್ಪ ಸಿಗ್ನಲ್ ಇದೆ ಅಂದುಕೊಂಡು ಎಸ್ಸೆಮ್ಮೆಸ್ ಕಳಿಸುತ್ತಾ ಕೂರುತ್ತಾರೆ. ನಿಮ್ಮ ಸಿಮ್ ಯಾವ ಟವರಿಗೂ ಹೆಸರು ಕೊಡಲು ಆಗಿಲ್ಲ ಅಂತ ಅದರ ಅರ್ಥ. ಹೆಚ್ಚಾಗಿ ಅಲ್ಲಿ ಬೇರೆ ಕಂಪನಿಯ ಟವರ್ ಮಾತ್ರ ಇರುತ್ತದೆ, ಅದು ತುರ್ತು ಕರೆಯನ್ನಷ್ಟೇ ಬಿಡುತ್ತದೆ. ಎಸ್ಸೆಮ್ಮೆಸ್ ಹೋಗುವುದಿಲ್ಲ. ಅಂಥ ಕಡೆ ಪಕ್ಕದಲ್ಲಿರುವ ಬೇರೆ ಕಂಪನಿ ಸಿಮ್‌ನವರ ಫೋನ್ ಕೇಳುವುದೇ ಬೇಗದ ದಾರಿ.

ಇದಕ್ಕೆ ಪೂರ್ತಿ ಉಲ್ಟಾ ಸಂದರ್ಭ ನೆಲಮಾಳಿಗೆಯದು. ಟವರ್ ಸಿಗುವುದಿಲ್ಲ, ವೈಫೈ ಇದೆ. ಇಲ್ಲಿ ವಾಟ್ಸಾಪ್ ಹೋಗುತ್ತದೆ, ಎಸ್ಸೆಮ್ಮೆಸ್ ನಿಲ್ಲುತ್ತದೆ. ಬ್ಯಾಂಕಿನ ಒಟಿಪಿ ಬರುತ್ತಿಲ್ಲ ಅಂತ ಕಾಯುತ್ತಾ ಕೂತವರು ಎಷ್ಟೋ ಸಲ ಮೆಟ್ಟಿಲು ಹತ್ತಿ ಹೊರಗೆ ಬಂದರೆ ಸಾಕು. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಇದ್ದು ಸಿಮ್ ಕಂಪನಿ ಅದನ್ನು ಕೊಡುತ್ತಿದ್ದರೆ ಹೊರಗೆ ಬರದೆಯೂ ಆಗಬಹುದು, ಯಾಕೆಂದರೆ ಆಗ ಫೋನ್ ವೈಫೈ ಮೂಲಕವೇ ಕಂಪನಿಯ ಒಳಜಾಲ ಸೇರುತ್ತದೆ, ಅದರಲ್ಲಿ ಎಸ್ಸೆಮ್ಮೆಸ್ ಕೂಡ ಬರುವುದುಂಟು. ವಿಮಾನದ ವೈಫೈನಲ್ಲಿ ಆ್ಯಪ್ ಮೆಸೇಜ್ ಹೋಗುತ್ತದೆ, ಎಸ್ಸೆಮ್ಮೆಸ್ ನಂಬಿಕೊಳ್ಳಬೇಡಿ.

ವೈಫೈ ಬಗ್ಗೆ ಇನ್ನೊಂದು ಮಾತು. ವೈಫೈ ಗುರುತು ಇದೆ ಅಂದರೆ ರೂಟರ್ ಸಿಕ್ಕಿದೆ ಅಂತ ಅಷ್ಟೇ, ರೂಟರಿನಿಂದಾಚೆ ಇಂಟರ್ನೆಟ್ ಸತ್ತಿರಬಹುದು. ಹೋಟೆಲ್, ನಿಲ್ದಾಣದ ವೈಫೈಗಳಲ್ಲಿ ಲಾಗಿನ್ ಪುಟ ತೆರೆದು ಒಪ್ಪುವ ತನಕ ಏನೂ ಹೋಗುವುದಿಲ್ಲ. ಕೆಲವು ಫೋನುಗಳು ಆ ಸತ್ತ ವೈಫೈಗೇ ಅಂಟಿಕೊಂಡು, ಚೆನ್ನಾಗಿರುವ ಮೊಬೈಲ್ ಡೇಟಾ ಬಳಸದೆ ಇರುತ್ತವೆ. ಗಡಿಯಾರದ ಗುರುತು ಹೋಗುತ್ತಿಲ್ಲ ಅಂದಾಗ ಒಂದು ಸಲ ವೈಫೈ ಆಫ್ ಮಾಡಿ ನೋಡಿ, ಕೆಲವೇ ಸೆಕೆಂಡಿನಲ್ಲಿ ಟಿಕ್ ಬಂದರೆ ಕಾರಣ ಅದೇ.

ಇಷ್ಟೆಲ್ಲ ಓದಿ ಎಸ್ಸೆಮ್ಮೆಸ್ಸೇ ಒಳ್ಳೆಯದು ಅಂತ ಅನ್ನಿಸಬಾರದು. ತಲುಪುವ ವಿಷಯದಲ್ಲಿ ಅದಕ್ಕೆ ಬಲ ಇದೆ, ಗುಟ್ಟಿನ ವಿಷಯದಲ್ಲಿ ಇಲ್ಲ. ಮೆಸೇಜ್ ಸೆಂಟರಿನಲ್ಲಿ ಅದು ಬಿಚ್ಚಿದ ಬರಹವಾಗಿಯೇ ಇರುತ್ತದೆ. ಕಳಿಸಿದವರ ಹೆಸರನ್ನು ಸುಳ್ಳು ಮಾಡಿ ಬೇರೆಯವರ ಹೆಸರಿನಲ್ಲಿ ಎಸ್ಸೆಮ್ಮೆಸ್ ಕಳಿಸಲೂ ಬರುತ್ತದೆ, ಮೋಸಗಾರರು ಅದನ್ನು ಬಳಸುತ್ತಾರೆ. ವಾಟ್ಸಾಪ್, ಸಿಗ್ನಲ್‌ಗಳಲ್ಲಿ ಇಬ್ಬರ ನಡುವಿನ ಮೆಸೇಜನ್ನು ನಡುವಿನ ಸರ್ವರ್ ಓದಲಾರದು. ಹಾಗಾಗಿ ಪಾಸ್‌ವರ್ಡು, ದಾಖಲೆಯ ವಿವರ ಇಂಥವನ್ನು ನೆಟ್ ಇಲ್ಲ ಅಂತ ಎಸ್ಸೆಮ್ಮೆಸ್‌ಗೆ ಹಾಕಬೇಡಿ, ಅವು ಕಾಯಲಿ. ಗಾಡಿ ಲೇಟು, ನಾನು ಕ್ಷೇಮ, ಇಂಥ ಜಾಗಕ್ಕೆ ಬಾ ಅನ್ನುವುದಕ್ಕೆ ಎಸ್ಸೆಮ್ಮೆಸ್.

ಟವರೂ ಇಲ್ಲ, ವೈಫೈಯೂ ಇಲ್ಲ ಅಂದರೆ ಎರಡೂ ನಿಲ್ಲುತ್ತವೆ. ಅಲ್ಲಿ ಉಳಿಯುವುದು ಎರಡು ಬೇರೆ ದಾರಿ. ಬ್ರಯರ್ ಎಂಬ ಆ್ಯಪ್ ಹತ್ತಿರದಲ್ಲಿರುವ ಫೋನುಗಳ ನಡುವೆ ಬ್ಲೂಟೂತ್ ಮೂಲಕವೇ ಮೆಸೇಜ್ ದಾಟಿಸುತ್ತದೆ. ಆದರೆ ಇಬ್ಬರೂ ಮೊದಲೇ ಅದನ್ನು ಹಾಕಿಕೊಂಡು ಪರಸ್ಪರ ಸೇರಿಸಿಕೊಂಡಿರಬೇಕು, ಒಂದೇ ಕಟ್ಟಡದಷ್ಟು ಹತ್ತಿರ ಇರಬೇಕು. ಇನ್ನೊಂದು ಉಪಗ್ರಹ. ಐಫೋನ್ 14ರಿಂದ ಈಚಿನ ಫೋನುಗಳಲ್ಲಿ, ಸೇವೆ ಇರುವ ದೇಶಗಳಲ್ಲಿ, ಬಯಲಿನಲ್ಲಿ ನಿಂತು ಫೋನನ್ನು ಉಪಗ್ರಹದ ಕಡೆ ಹಿಡಿದು ಚಿಕ್ಕ ಬರಹ ಕಳಿಸಬಹುದು. ಮರದ ಕೆಳಗೆ, ಕಟ್ಟಡದೊಳಗೆ ಅದು ಸಿಗುವುದು ಕಷ್ಟ.

ನಿಮ್ಮ ಫೋನ್ ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿಯಲು ಅವಸರದ ಹೊತ್ತು ಬರುವವರೆಗೆ ಕಾಯಬೇಕಿಲ್ಲ. ಮನೆಯಲ್ಲಿ ಕೂತು ವೈಫೈ, ಮೊಬೈಲ್ ಡೇಟಾ ಎರಡನ್ನೂ ಆಫ್ ಮಾಡಿ, ಮನೆಯವರೊಬ್ಬರಿಗೆ ವಾಟ್ಸಾಪ್‌ನಲ್ಲೊಂದು, ಮಾಮೂಲಿ ಮೆಸೇಜ್ ಆ್ಯಪ್‌ನಲ್ಲೊಂದು ಕಳಿಸಿ. ಮೊದಲನೆಯದರ ಪಕ್ಕ ಗಡಿಯಾರ ಬರಬೇಕು, ಎರಡನೆಯದು ಅವರ ಫೋನಿಗೆ ಹೋಗಬೇಕು. ಎರಡನೆಯದೂ ನಿಂತರೆ ಮೊದಲು ಆರ್‌ಸಿಎಸ್ ಅಥವಾ ಐಮೆಸೇಜ್ ಸೆಟ್ಟಿಂಗ್ ನೋಡಿ. ಅಲ್ಲಿ ಸರಿ ಇದ್ದರೆ ರೀಚಾರ್ಜ್ ನೋಡಿ. ಆಮೇಲೆ ಅವರ ಫೋನಿನಲ್ಲೂ ವೈಫೈ, ಡೇಟಾ ಎರಡನ್ನೂ ಆಫ್ ಮಾಡಿಸಿ ಇನ್ನೊಂದು ಸಲ ಕಳಿಸಿ, ಆಗಲೂ ಅದು ತಲುಪಿದರೆ ಹೋದದ್ದು ನಿಜವಾದ ಎಸ್ಸೆಮ್ಮೆಸ್.